ಮನೆಯವರ ಪಾಸ್‌ವರ್ಡ್‌ಗಳಿಗೆ ಕ್ರೋಮ್ ಸಾಕೇ, ಬೇರೆ ಆ್ಯಪ್ ಬೇಕೇ?
ಮನೆಯಲ್ಲಿ ಎಲ್ಲರೂ ಆಂಡ್ರಾಯ್ಡ್ ಫೋನ್ ಬಳಸುತ್ತಿದ್ದರೆ, ಪಾಸ್‌ವರ್ಡ್‌ಗಳಿಗೆಂದೇ ಬೇರೆ ಆ್ಯಪ್ ಹಾಕಿಕೊಡುವ ಬದಲು ಪ್ರತಿಯೊಬ್ಬರೂ ತಮ್ಮದೇ ಗೂಗಲ್ ಖಾತೆಯಿಂದ ಕ್ರೋಮ್‌ಗೆ ಲಾಗಿನ್ ಆಗಿ ಅಲ್ಲಿಯೇ ಪಾಸ್‌ವರ್ಡ್ ಉಳಿಸುವಂತೆ ಮಾಡಿ, ಆ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಹಾಕಿಡಿ. ಹೀಗೆ ಮಾಡಿದರೆ ಹಿರಿಯರು ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ತೆರೆಯುವ ಇನ್ನೊಂದು ಮುಖ್ಯ ಪಾಸ್‌ವರ್ಡನ್ನು ನೆನಪಿಡಬೇಕಾಗಿಲ್ಲ. ಬಿಟ್‌ವಾರ್ಡನ್‌ನಂತಹ ಪಾಸ್‌ವರ್ಡ್ ಆ್ಯಪ್‌ನಲ್ಲಿ ಅದನ್ನು ಮರೆತರೆ ಕಂಪನಿಯವರೂ ಬೀಗ ತೆರೆದುಕೊಡಲಾರರು. ಎರಡೂ ವಿಧಾನಗಳು ಜಾಲತಾಣದ ವಿಳಾಸವನ್ನು ಹೊಂದಿಸಿ ನೋಡಿಯೇ ಪಾಸ್‌ವರ್ಡ್ ತುಂಬುವುದರಿಂದ, ಬ್ಯಾಂಕಿನ ಪುಟದಲ್ಲಿ ಅದು ತಾನಾಗಿ ತುಂಬದಿದ್ದರೆ ಕೈಯಿಂದ ಟೈಪ್ ಮಾಡುವ ಮೊದಲು ವಿಳಾಸವನ್ನು ಓದಿ ನೋಡಬೇಕೆಂದು ಮನೆಯವರಿಗೆ ಹೇಳಿಕೊಡಿ. ಆದರೆ ಹಂಚಿಕೊಂಡ ಖಾತೆಗಳಲ್ಲಿ ಕ್ರೋಮ್ ಸೋಲುತ್ತದೆ: ಅಪ್ಪ ವಿದ್ಯುತ್ ಬಿಲ್ಲಿನ ಪಾಸ್‌ವರ್ಡನ್ನು ಗೂಗಲ್ ಕುಟುಂಬ ಗುಂಪಿನ ಮೂಲಕ ಅಮ್ಮನಿಗೆ ಕಳುಹಿಸಿದಾಗ ಅಮ್ಮನಿಗೆ ಸಿಗುವುದು ಅದರ ಪ್ರತಿ ಮಾತ್ರ, ಆದ್ದರಿಂದ ಅಪ್ಪ ಮುಂದೆ ಅದನ್ನು ಬದಲಾಯಿಸಿದರೂ ಅಮ್ಮನ ಫೋನ್ ಹಳೆಯದನ್ನೇ ತುಂಬುತ್ತಿರುತ್ತದೆ. ಇಂತಹ ಖಾತೆಗಳು ಬಹಳವಿದ್ದರೆ, ಅಥವಾ ಮನೆಯಲ್ಲಿ ಐಫೋನ್ ಬಳಸುವವರೂ ಇದ್ದು ಅವರ ಪಾಸ್‌ವರ್ಡ್‌ಗಳು ಆ್ಯಪಲ್‌ನಲ್ಲಿಯೇ ಉಳಿದಿದ್ದರೆ, ಪ್ರತ್ಯೇಕ ಆ್ಯಪ್ ಹಾಕಿಸುವ ಶ್ರಮ ಸಾರ್ಥಕ. ಆಗ ಮುಖ್ಯ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಬೀರುವಿನಲ್ಲಿಡಿ.