ಹಳದಿ ದೀಪದ ಕೆಳಗೆ ಬಿಳಿ ಅಂಗಿ: ಮಂಟಪದಲ್ಲಿ ನಾನು ಕಂಡುಕೊಂಡ ದಾರಿ

ಮದುವೆಯ ಫೋಟೋ ತೆಗೆಯುವವರಿಗೆ ವಧುವಿನ ಸೀರೆಗಿಂತ ಹೆಚ್ಚು ಕಾಟ ಕೊಡುವುದು ವಧುವಿನ ತಂದೆಯ ಬಿಳಿ ಹತ್ತಿ ಅಂಗಿ. ಸೀರೆಯ ಬಣ್ಣ ತುಸು ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ಅಂಗಿ ಹಳದಿಯಾದರೆ ಆಲ್ಬಂ ತೆರೆದ ಮರುಕ್ಷಣವೇ ಮಾತು ಬರುತ್ತದೆ. ಒಮ್ಮೆ ಇಡೀ ಆಲ್ಬಂ ಮತ್ತೆ ಮುದ್ರಿಸಿಕೊಡಬೇಕಾಯಿತು. ಹದಿನೈದು ಸಾವಿರದ ಹತ್ತಿರ ಕೈಯಿಂದ ಹೋಯಿತು. ಆಮೇಲೆ ನಾನು ಬಿಳಿ ಅಂಗಿಯನ್ನು ಬಿಳಿಯಾಗಿಯೇ ತರುವ ಕೆಲಸಕ್ಕೆ ಪಟ್ಟು ಹಿಡಿದು ಕುಳಿತೆ. ಫ್ಲ್ಯಾಶ್‌ಗೆ ಕಿತ್ತಳೆ ಜೆಲ್, ಅಂದರೆ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಹಾಕುತ್ತೇನೆ ಎಂದಾಗ ಜೊತೆಯ ಛಾಯಾಗ್ರಾಹಕರು, "ಹಳದಿ ಹೋಗಲಿ ಎಂದು ಇನ್ನಷ್ಟು ಹಳದಿ ಹಾಕುತ್ತೀರಾ ಸರ್?" ಎಂದು ಕೇಳಿದ್ದರು. ಈಗ ಅವರ ಚೀಲದಲ್ಲೂ ಅದೇ ಜೆಲ್ ಇದೆ.

ಎಲ್ಲರೂ ಮಾಡುವುದನ್ನೆಲ್ಲ ನಾನೂ ಮಾಡಿದ್ದೇನೆ. ಬಿಳಿಯನ್ನು ಬಿಳಿಯಾಗಿ ತೋರಿಸಬೇಕಾದ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿಟ್ಟರೆ ಕೆಂಪು ಸೀರೆಯವರು ಚೌಕಟ್ಟಿಗೆ ಬಂದಾಗ ಒಂದು ಬಣ್ಣ, ಹೋದಾಗ ಇನ್ನೊಂದು. ಬಲ್ಬ್ ಗುರುತಿನ ಪ್ರಿಸೆಟ್ ಇಟ್ಟರೆ ಹಿಂದಿನ ಮಂಟಪ ಸರಿಯಾಗುತ್ತದೆ, ಫ್ಲ್ಯಾಶ್ ಬಿದ್ದ ಅಂಗಿ ನೀಲಿಯಾಗುತ್ತದೆ. ಫ್ಲ್ಯಾಶ್ ಪ್ರಿಸೆಟ್ ಇಟ್ಟರೆ ಅಂಗಿ ಬಿಳಿ, ಹಿಂದಿನದೆಲ್ಲ ಕಿತ್ತಳೆ. ಆಗ ಅಂಗಿಯ ಮಡಿಕೆಗಳನ್ನು ನೋಡಬೇಕು: ಎದೆಯ ಭಾಗ ಬಿಳಿ, ಪಕ್ಕೆಯ ನೆರಳು ಹಳದಿ. ಒಂದೇ ಬಟ್ಟೆಯ ಮೇಲೆ ಎರಡು ಬೆಳಕು ಬಿದ್ದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದನ್ನು ಕಂಪ್ಯೂಟರ್ ಮುಂದೆ ಕುಳಿತು ಒಂದೇ ಸ್ಲೈಡರ್‌ನಿಂದ ಸರಿಪಡಿಸಲು ಸಾಧ್ಯವೇ ಇಲ್ಲ.

ಆದ್ದರಿಂದ ಮೊದಲ ಕೆಲಸ ಬೆಳಕನ್ನು ಒಂದು ಮಾಡುವುದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಹಳದಿ ಹೆಚ್ಚಿದಷ್ಟೂ ಅಂಕಿ ಕಡಿಮೆ. ನಮ್ಮ ಕಲ್ಯಾಣ ಮಂಟಪಗಳ ಹಳದಿ ದೀಪ ಹೆಚ್ಚಾಗಿ 2800ರಿಂದ 3200 ಕೆಲ್ವಿನ್ ಒಳಗೆ ಇರುತ್ತದೆ. ಫ್ಲ್ಯಾಶ್ 5600ರ ಆಸುಪಾಸು. ಸಿಟಿಓ ಎಂಬ ಕಿತ್ತಳೆ ಜೆಲ್ಲಿನಲ್ಲಿ ಪೂರ್ಣ ಗಾಢತೆಯದನ್ನು ಹಾಕಿದರೆ ಫ್ಲ್ಯಾಶ್ ಸುಮಾರು 3000ಕ್ಕೆ ಇಳಿಯುತ್ತದೆ, ಅರ್ಧ ಸಿಟಿಓ ಹಾಕಿದರೆ 3500ರ ಹತ್ತಿರ ನಿಲ್ಲುತ್ತದೆ. ಪೂರ್ಣ ಜೆಲ್ ಮುಕ್ಕಾಲು ಸ್ಟಾಪ್‌ಗೂ ಹೆಚ್ಚು, ಅಂದರೆ ಅರ್ಧದ ಹತ್ತಿರ ಬೆಳಕು ನುಂಗುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಜೆಲ್ ಹಾಳೆಗೆ ಕೆಲವು ನೂರು ರೂಪಾಯಿ. ಕತ್ತರಿಸಿ ಇಟ್ಟುಕೊಂಡರೆ ಒಂದು ಸೀಸನ್ ಕಳೆಯುತ್ತದೆ. ಫ್ಲ್ಯಾಶನ್ನು ಛಾವಣಿಗೆ ಹೊಡೆದು ಬೌನ್ಸ್ ಮಾಡುವಾಗ ಮಾತ್ರ ಎಚ್ಚರ ಬೇಕು: ಕೆನೆಬಣ್ಣದ ಛಾವಣಿ ತನ್ನ ಹಳದಿಯನ್ನೂ ಸೇರಿಸುತ್ತದೆ. ಅಂಥ ಕಡೆ ನಾನು ಅರ್ಧ ಜೆಲ್ಲಿಗೆ ಇಳಿಯುತ್ತೇನೆ. ಜೆಲ್ ಅನ್ನು ಫ್ಲ್ಯಾಶ್ ತಲೆಯ ಎಷ್ಟು ಭಾಗಕ್ಕೆ, ಹೇಗೆ ಅಂಟಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಬೆಳಕು ಒಂದಾದ ಮೇಲೆ ಗ್ರೇ ಕಾರ್ಡ್, ಅಂದರೆ ಬೆಳಕಿನ ಬಣ್ಣ ಅಳೆಯಲು ಹಿಡಿಯುವ ಬೂದು ರಟ್ಟು. ಅದನ್ನು ಅಂಗಿಯವರು ನಿಲ್ಲುವ ಜಾಗದಲ್ಲೇ, ಮುಖದ ದಿಕ್ಕಿಗೆ ಹಿಡಿಸಿ, ಜೆಲ್ ಹಾಕಿದ ಫ್ಲ್ಯಾಶ್ ಹೊಡೆದು ಅಳತೆ ತೆಗೆಯಬೇಕು. ಸಾಫ್ಟ್‌ವೇರಿನಲ್ಲಿ ಇದೇ ಬಿಳಿ ಎಂದು ತೋರಿಸುವ ಐಡ್ರಾಪರನ್ನು ಅಂಗಿಯ ಮೇಲೆಯೇ ಒತ್ತುವವರು ಬಹಳ ಜನ. ಆದರೆ ಅಂಗಿ ನಂಬಿಕಸ್ಥ ಬಿಳಿಯಲ್ಲ. ಸಾಬೂನು ಪುಡಿಯಲ್ಲಿರುವ ಹೊಳಪುಕಾರಕಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತವೆ. ಬಿಸಿಲಿನಲ್ಲಿ ಅಂಗಿ ಮಿಂಚುವುದು ಇದರಿಂದಲೇ. ಮಂಟಪದ ಎಲ್‌ಇಡಿ ದೀಪದಲ್ಲಿ ಆ ನೇರಳಾತೀತ ಬೆಳಕು ಇಲ್ಲ, ಆದ್ದರಿಂದ ಅದೇ ಅಂಗಿ ಅಲ್ಲಿ ನಿಜವಾಗಿಯೂ ಸ್ವಲ್ಪ ಕೆನೆಬಣ್ಣದ್ದೇ. ಆ ಕೆನೆಯನ್ನು ಬಿಳಿ ಎಂದು ಸಾಫ್ಟ್‌ವೇರ್‌ಗೆ ಹೇಳಿದರೆ ಅಂಗಿ ಸರಿಯಾಗುತ್ತದೆ, ಮುಖ ಮಾತ್ರ ಕಳೆಗುಂದಿ ಹೋಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಅಂಗಿ, ಎ4 ಹಾಳೆ, ಗ್ರೇ ಕಾರ್ಡ್ ಮತ್ತು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪಿನ ಮೇಲೆ ಬಿಟ್ಟೆ. ಅಂಗಿಯೂ ಹಾಳೆಯೂ ನೀಲಿಯಾಗಿ ಉರಿದವು, ಟೇಪು ಮಿಂಚಲೇ ಇಲ್ಲ. ಅಂದಿನಿಂದ ಆ ಟೇಪನ್ನು ಹತ್ತು ಹದಿನೈದು ಪದರ ಸುತ್ತಿದ ರಟ್ಟಿನ ತುಂಡೊಂದು ನನ್ನ ಜೇಬಿನಲ್ಲಿದೆ. ಅಂಗಡಿಯ ಗ್ರೇ ಕಾರ್ಡಿಗೂ ಅದಕ್ಕೂ ನೂರು ಕೆಲ್ವಿನ್ ವ್ಯತ್ಯಾಸವೂ ಕಂಡಿಲ್ಲ, ಖರ್ಚು ಇಪ್ಪತ್ತು ರೂಪಾಯಿ. ಎ4 ಹಾಳೆಯನ್ನು ಹಿಡಿದು ಅಳೆಯುವವರು ದಯವಿಟ್ಟು ಅದನ್ನು ನಿಲ್ಲಿಸಬೇಕು.

ಇನ್ನು ಎಕ್ಸ್‌ಪೋಷರ್. ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಳದಿ ಬೆಳಕಿನಲ್ಲಿ ಸೆನ್ಸರಿಗೆ ನೀಲಿ ಬಹಳ ಕಡಿಮೆ ಸಿಗುತ್ತದೆ. ಕೆಲ್ವಿನ್ ತಪ್ಪಾಗಿದ್ದರೆ ಚಿತ್ರದ ಬೆಳಕನ್ನು ನಕ್ಷೆಯಾಗಿ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪು ಬಲಗಡೆಯ ಗೋಡೆಗೆ ಹೋಗಿ ಬಡಿಯುತ್ತದೆ. ಅಂಗಿ ಸುಡುತ್ತಿದೆ ಎಂದು ಹೆದರಿ ನಾವು ಒಂದು ಸ್ಟಾಪ್ ಇಳಿಸುತ್ತೇವೆ, ಮೊದಲೇ ಹಸಿದಿದ್ದ ನೀಲಿ ಉಪವಾಸ ಬೀಳುತ್ತದೆ. ಆಮೇಲೆ ಬೆಳಕು ಎತ್ತಿದಾಗ ಅಂಗಿಯ ಮಡಿಕೆಗಳಲ್ಲಿ ಹಳದಿ, ನೀಲಿ ಮಚ್ಚೆಗಳು ಏಳುತ್ತವೆ. ಆದ್ದರಿಂದ ನಾನು ಮೊದಲು ಕೆಲ್ವಿನ್ ಹಾಕಿ, ಆಮೇಲೆ ಮೂರು ಬಣ್ಣದ ಹಿಸ್ಟೋಗ್ರಾಮ್ ನೋಡುತ್ತೇನೆ. ಅಂಗಿಯ ಶಿಖರಗಳು ಒಂದರ ಮೇಲೊಂದು ಕುಳಿತಿದ್ದರೆ ಧೈರ್ಯವಾಗಿ ಅರ್ಧ ಸ್ಟಾಪ್ ಹೆಚ್ಚು ತೆರೆಯುತ್ತೇನೆ.

ತುಮಕೂರಿನ ಒಂದು ಮಂಟಪದಲ್ಲಿ ಧಾರೆಯ ಹೊತ್ತಿನ ಲೆಕ್ಕ ನೆನಪಿದೆ. ಕಾರ್ಡಿನ ಅಳತೆ 2950ರ ಸುಮಾರು ಬಂತು, ಅಗ್ಗದ ಎಲ್‌ಇಡಿಯ ಹಸಿರು ಕಳೆಯಲು ಟಿಂಟ್ ಅನ್ನು ಹನ್ನೆರಡರಷ್ಟು ಕೆನ್ನೇರಳೆ ಕಡೆಗೆ ತಳ್ಳಬೇಕಾಯಿತು. ಜೆಲ್ ಹಾಕಿದರೂ ಅಂಗಿಯ ಎಡ ಭುಜ ಮಾತ್ರ ನೀಲಿ. ನೋಡಿದರೆ ವಿಡಿಯೋದವರ ಎಲ್‌ಇಡಿ ಫಲಕ 5600ರಲ್ಲಿತ್ತು. "ಅಣ್ಣ, ಅದನ್ನು 3200ಕ್ಕೆ ತಿರುಗಿಸಿ, ನಿಮ್ಮ ವಿಡಿಯೋದಲ್ಲೂ ಮುಖ ಚೆನ್ನಾಗಿ ಬರುತ್ತದೆ" ಎಂದೆ. ಎರಡು ಬಣ್ಣದ ಫಲಕವಾದ್ದರಿಂದ ಗುಂಡಿ ತಿರುಗಿಸಿದರು, ಭುಜ ಸರಿಯಾಯಿತು. ಮಂಟಪಕ್ಕೆ ಹೋದೊಡನೆ ವಿಡಿಯೋದವರಿಗೆ ಕಾಫಿ ಕೊಡಿಸುವುದು ಈಗ ನನ್ನ ವೈಟ್ ಬ್ಯಾಲೆನ್ಸ್ ಕೆಲಸದ ಭಾಗ.

ಆ ಧಾರೆಯ ಚಿತ್ರದ ರಾ ಫೈಲನ್ನು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೈಲನ್ನು ತೆರೆದಾಗ ಅಂಗಿಯ ಬೆಳಕಿನ ಭಾಗ ಲೈಟ್‌ರೂಮಿನಲ್ಲಿ ನೂರಕ್ಕೆ ಕೆಂಪು 91, ಹಸಿರು 90, ನೀಲಿ 86ರಷ್ಟು ತೋರಿಸಿತು. ಉಳಿದ ಆ ಕೆನೆಗಾಗಿ ಟೆಂಪರೇಚರ್ ಮುಟ್ಟಲಿಲ್ಲ, ಮುಟ್ಟಿದರೆ ಮುಖ ಹೋಗುತ್ತದೆ. ಹಳದಿಯ ಸ್ಯಾಚುರೇಷನ್ ಅನ್ನೂ ಒಟ್ಟಾರೆ ಇಳಿಸಲಿಲ್ಲ, ಇಳಿಸಿದರೆ ಅರಿಶಿನ, ಚೆಂಡುಹೂವು, ಒಡವೆ ಎಲ್ಲವೂ ಸಾಯುತ್ತವೆ. ಅಂಗಿಯ ಮೇಲೆ ಮಾತ್ರ ಬ್ರಷ್ ಎಳೆದು ಸ್ಯಾಚುರೇಷನ್ ಇಳಿಸಿದೆ, ನೀಲಿ 89ಕ್ಕೆ ಬಂದಾಗ ನಿಲ್ಲಿಸಿದೆ. ಮೂರೂ ಸಮವಾಗುವವರೆಗೆ ಎಳೆದರೆ ನಾನು ಕೊಡುವ ಲ್ಯಾಬಿನ ಕಾಗದದಲ್ಲಿ ಅಂಗಿ ತಣ್ಣಗೆ ಕಾಣುತ್ತದೆ. ಈ ಅಂಕಿಗಳು ಮಾನಿಟರ್‌ಗೆ ತಕ್ಕಂತೆ ಬದಲಾಗುವುದಿಲ್ಲ, ಆದರೆ ಪರದೆಯಲ್ಲಿ ಕಣ್ಣಿಗೆ ಕಾಣುವ ಬಣ್ಣವನ್ನು ನಂಬಬೇಕಾದರೆ ಮಾನಿಟರ್ ಕ್ಯಾಲಿಬ್ರೇಟ್ ಆಗಿರಬೇಕು. ಆ ಉಪಕರಣಕ್ಕೆ ಹದಿನೈದು ಸಾವಿರದಷ್ಟು ಕೊಟ್ಟೆ, ಮರುಮುದ್ರಣ ನಿಂತದ್ದರಿಂದ ಒಂದೇ ಸೀಸನ್‌ನಲ್ಲಿ ಹಣ ವಾಪಸು ಬಂತು.

ಪಕ್ಕದಲ್ಲಿದ್ದ ವರನ ರೇಷ್ಮೆ ಅಂಗಿಗೆ ಈ ಬ್ರಷ್ ಮುಟ್ಟಿಸಲಿಲ್ಲ. ಅದು ಹುಟ್ಟಿನಿಂದಲೇ ಕೆನೆಬಣ್ಣದ್ದು. ಬಿಳಿ ಮಾಡಿದರೆ ಸಾವಿರಾರು ರೂಪಾಯಿಯ ರೇಷ್ಮೆ ಪಾಲಿಯೆಸ್ಟರ್‌ನಂತೆ ಕಾಣುತ್ತದೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿದ್ದು ಹತ್ತಿ ಬಿಳಿಯಾಗಿಯೂ ರೇಷ್ಮೆ ಕೆನೆಯಾಗಿಯೂ ಬಂದರೆ ಬಣ್ಣ ಸರಿಯಾಗಿದೆ ಎಂದೇ ಅರ್ಥ.

ಈ ವಿಧಾನ ಸೋಲುವ ಜಾಗ ಒಂದಿದೆ. ಅಲಂಕಾರದವರು ಬಿಡುವ ಕೆಂಪು, ನೀಲಿ, ನೇರಳೆ ಪಾರ್ ದೀಪಗಳು ಅಂಗಿಯ ಮೇಲೆ ಬಿದ್ದರೆ ಯಾವ ಕಾರ್ಡೂ ಉಳಿಸುವುದಿಲ್ಲ, ಏಕೆಂದರೆ ಆ ಬೆಳಕಿನಲ್ಲಿ ಬೇರೆ ಬಣ್ಣಗಳೇ ಇರುವುದಿಲ್ಲ. ಧಾರೆ ಎರೆಯುವ ಹೊತ್ತಿಗಾದರೂ ಅವನ್ನು ಆರಿಸುವಂತೆ ಹಿಂದಿನ ದಿನವೇ ಮನೆಯ ಹಿರಿಯರಿಂದ ಹೇಳಿಸುತ್ತೇನೆ. ನಾವು ಹೇಳಿದರೆ ಅಲಂಕಾರದವರು ಕೇಳುವುದಿಲ್ಲ, ಹಣ ಕೊಡುವವರು ಹೇಳಿದರೆ ಕೇಳುತ್ತಾರೆ.