ಶುಂಠಿ ನಾಟಿಯಲ್ಲಿ ಮೀನಖಂಡ ಹಿಡಿದುಕೊಂಡರೆ

ತೀರ್ಥಹಳ್ಳಿ ಕಡೆ ಈಗ ಶುಂಠಿ ನಾಟಿ ಜೋರು. ಮಧ್ಯಾಹ್ನದ ಬಿಸಿಲಲ್ಲಿ ಯಾರಿಗಾದರೂ ಮೀನಖಂಡ ಹಿಡಿದು, ತಲೆನೋವು, ವಾಕರಿಕೆ ಶುರುವಾದರೆ ಪಿತ್ತ ಅಂತ ಸುಮ್ನೆ ಬಿಡಬೇಡಿ. ಬೆವರಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ.

ತೋಟದ ನೆರಳಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ, ಅಡಿಕೆ ಹಾಳೆಯಲ್ಲಿ ಗಾಳಿ ಬೀಸಿ. ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕೊಡಿ. ಗಟಗಟ ಕುಡಿಸಿದರೆ ವಾಂತಿ ಜಾಸ್ತಿಯಾಗುತ್ತದೆ.

ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಕಾಯಲೇಬೇಡಿ. ಬಾಯಿಗೆ ಏನೂ ಹಾಕದೆ, ಮೈಮೇಲೆ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ.

ಹುಷಾರಾದರೂ ಅವತ್ತು ಮತ್ತೆ ಬಿಸಿಲಿಗೆ ಕಳಿಸಬೇಡಿ.