ರೊಟ್ಟಿ ಹಂಚು ಬ್ಯಾಗಿಗೆ ಹಾಕುವ ಮೊದಲು

ಹೋದ ರಜೆಯಲ್ಲಿ ವಿಜಯಪುರಕ್ಕೆ ಬಂದಿದ್ದೆ. ಪಕ್ಕದ ಮನೆಯ ಹುಡುಗ ಇಂಗ್ಲೆಂಡಿಗೆ ಹೊರಟಿದ್ದ. ಅವನ ಅವ್ವ ರೊಟ್ಟಿ ಹಂಚು, ಅಲ್ಯೂಮಿನಿಯಂ ಕುಕ್ಕರ್, ತಾಮ್ರದ ತಳದ ಬೋಗುಣಿ ಎಲ್ಲಾ ಬ್ಯಾಗಿಗೆ ತುಂಬುತ್ತಿದ್ದರು. "ಕಾಕು, ಅವನ ಮನೆಯಲ್ಲಿ ಯಾವ ಒಲೆ ಇದೆ ಅಂತ ಮೊದಲು ಕೇಳ್ರಿ" ಅಂದೆ. ಫೋಟೋ ತರಿಸಿದೆವು. ಇಂಡಕ್ಷನ್ ಇತ್ತು. ನೀವೂ ಬಾಡಿಗೆ ಮನೆಗೆ ಹೋಗುವವರಾದರೆ ಈ ಕೆಲಸ ಮೊದಲು ಮಾಡಿ. ಫೋಟೋದಲ್ಲಿ ನುಣುಪಾದ ಕಪ್ಪು ಗಾಜು ಕಂಡರೂ ಅದು ಇಂಡಕ್ಷನ್ನೇ ಆಗಿರಬೇಕಿಲ್ಲ. ಒಲೆ ಹಚ್ಚಿದಾಗ ಗಾಜಿನ ಕೆಳಗೆ ಕೆಂಪಗೆ ಕಾದರೆ ಅದು ಸೆರಾಮಿಕ್ ಒಲೆ. ಅದರ ಮೇಲೆ ತಳ ಸಮತಟ್ಟಾದ ಯಾವ ಪಾತ್ರೆಯಾದರೂ ಕಾಯುತ್ತದೆ.

ಗ್ಯಾಸ್ ಒಲೆಯಲ್ಲಿ ಸಣ್ಣ ಜೆಟ್‌ನಿಂದ ಗ್ಯಾಸ್ ಚಿಮ್ಮುತ್ತದೆ, ದಾರಿಯಲ್ಲಿ ಗಾಳಿ ಎಳೆದುಕೊಂಡು ಬರ್ನರ್ ತೂತುಗಳಲ್ಲಿ ಉರಿಯುತ್ತದೆ. ಉರಿ ಹಳದಿಯಾದರೆ ಗಾಳಿ ಸಾಲುತ್ತಿಲ್ಲ, ಹೆಚ್ಚಾಗಿ ತೂತು ಕಟ್ಟಿರುತ್ತದೆ. ಪಾತ್ರೆ ಯಾವುದಾದರೂ ಸರಿ, ಉರಿ ಅದನ್ನು ಕಾಯಿಸುತ್ತದೆ. ಇಂಡಕ್ಷನ್‌ನಲ್ಲಿ ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ, ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಕರೆಂಟ್ ಹುಟ್ಟಿಸುತ್ತದೆ. ಕಾಯುವುದು ಒಲೆಯಲ್ಲ, ಪಾತ್ರೆಯ ತಳವೇ. ಅದಕ್ಕೇ ತಳಕ್ಕೆ ಆಯಸ್ಕಾಂತ ಅಂಟಬೇಕು. ಫ್ರಿಜ್ ಮೇಲಿನ ಸಣ್ಣ ಆಯಸ್ಕಾಂತ ತಂದು ಕಾಕು ಅಡುಗೆಮನೆಯಲ್ಲೇ ನೋಡಿದೆವು. ಅಲ್ಯೂಮಿನಿಯಂ ಕುಕ್ಕರ್‌ಗೆ ಅಂಟಲಿಲ್ಲ, ತಾಮ್ರದ ತಳಕ್ಕೂ ಇಲ್ಲ. ಸ್ಟೀಲ್ ಡಬರಿಗಳಲ್ಲಿ ಕೆಲವಕ್ಕೆ ಅಂಟಿತು, ಕೆಲವಕ್ಕೆ ಇಲ್ಲ. ಸ್ಟೀಲ್‌ನಲ್ಲೂ ಬೇರೆ ಬೇರೆ ಜಾತಿ ಇವೆ. ಬದಿಗೆ ಅಂಟಿದರೆ ಸಾಲದು, ತಳಕ್ಕೇ ಅಂಟಬೇಕು.

ಹಂಚಿಗೆ ಮಾತ್ರ ಆಯಸ್ಕಾಂತ ಗಟ್ಟಿಯಾಗಿ ಅಂಟಿತು. ಕಾಕುಗೆ ಖುಷಿಯಾಯಿತು. ಆದರೆ ಅದು ನಡು ತಗ್ಗಿದ ಹಂಚು. ಗಾಜಿನ ಮೇಲೆ ಇಟ್ಟರೆ ನಡುವಿನ ಒಂದು ಸಣ್ಣ ಜಾಗ ಮಾತ್ರ ತಾಗುತ್ತದೆ, ಸುತ್ತಲೂ ಸಂದು ಉಳಿಯುತ್ತದೆ. ನಡುವೆ ರೊಟ್ಟಿ ಕರಕಾಗುತ್ತದೆ, ಅಂಚು ಹಸಿಯಾಗಿರುತ್ತದೆ. ಇಂಡಕ್ಷನ್ ಮೇಲೆ ನನ್ನ ಮೊದಲ ತಿಂಗಳೆಲ್ಲ ಹೀಗೇ ಹೋಯಿತು. ಹಿಟ್ಟು ಸರಿಯಿಲ್ಲ ಅಂತಲೇ ತಿಳಿದಿದ್ದೆ.

ಬೇಕಾದ್ದು ತಳ ಪೂರ್ತಿ ಸಮತಟ್ಟಾದ, ದಪ್ಪನೆಯ ಬೀಡಿನ ಹಂಚು. ಅಂಗಡಿಯಲ್ಲಿ ನೇರ ಅಂಚಿನ ಸ್ಕೇಲ್ ಇಟ್ಟು ನೋಡಿ, ಸಂದಿನಲ್ಲಿ ಬೆಳಕು ಕಾಣಬಾರದು. ದೊಡ್ಡ ಹಂಚು ತಂದರೂ ಲಾಭವಿಲ್ಲ. ಸುರುಳಿಗಿಂತ ಹಂಚು ಬಹಳ ಅಗಲವಾದರೆ ಅಂಚು ತಣ್ಣಗೇ ಉಳಿಯುತ್ತದೆ. ಒಲೆಯ ದೊಡ್ಡ ವೃತ್ತದಷ್ಟು ಹಂಚು, ಅದಕ್ಕಿಂತ ಸ್ವಲ್ಪ ಸಣ್ಣ ರೊಟ್ಟಿ, ಅಷ್ಟು ಸಾಕು.

ಖಾಲಿ ಹಂಚನ್ನು ಒಮ್ಮೆಲೇ ಜಾಸ್ತಿ ಉರಿಗೆ ಏರಿಸಬೇಡಿ. ನಡು ಬೇಗ ಕಾದು, ಅಂಚು ತಣ್ಣಗಿದ್ದು, ಬೀಡು ಸೀಳಬಹುದು. ಕಡಿಮೆಯಲ್ಲಿ ಆರೇಳು ನಿಮಿಷ ಕಾಯಿಸಿ, ಆಮೇಲೆ ನಡುಮಟ್ಟಕ್ಕೆ ತನ್ನಿ. ನೀರು ಚಿಮುಕಿಸಿದರೆ ಅಂಚಿನಲ್ಲೂ ಚುರ್ ಅನ್ನಬೇಕು. ರೊಟ್ಟಿ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುತ್ತಲೇ ತಿರುವಿ. ಉರಿಯ ಮೇಲೆ ಉಬ್ಬಿಸುವುದು ಇಲ್ಲಿಲ್ಲ. ಬದಲಿಗೆ ಒಣ ಬಟ್ಟೆಯಿಂದ ಅಂಚನ್ನು ಸುತ್ತಲೂ ಒತ್ತುತ್ತಾ ಹೋದರೆ ಹಬೆ ನಡುವೆ ಸೇರಿ ಉಬ್ಬುತ್ತದೆ. ಬೆಂಕಿಯ ಆ ಕಪ್ಪು ಚುಕ್ಕೆ, ಆ ವಾಸನೆ ಮಾತ್ರ ಬರುವುದಿಲ್ಲ. ನನಗೆ ಈಗಲೂ ಅದೊಂದು ಕೊರತೆಯೇ.

ಇನ್ನು ಖರ್ಚು. ಕಾಕು ಮನೆಯಲ್ಲಿ 14.2 ಕೆಜಿ ಸಿಲಿಂಡರ್ 45 ದಿನ ಬರುತ್ತದೆ. ಒಂದು ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇದೆ. ತಿಂಗಳಿಗೆ 120 ಆಯಿತು. ನಮ್ಮ ದೇಶದ ಗ್ಯಾಸ್ ಒಲೆ ಗುಣಮಟ್ಟದ ಪರೀಕ್ಷೆಯಲ್ಲಿ ಶೇ. 68ರಷ್ಟನ್ನಾದರೂ ಪಾತ್ರೆಗೆ ಮುಟ್ಟಿಸಬೇಕು. ಮನೆ ಅಡುಗೆಯಲ್ಲಿ ಶೇ. 60 ಹಿಡಿಯೋಣ. ಅಂದರೆ ಪಾತ್ರೆಗೆ ತಲುಪಿದ್ದು 72. ಇಂಡಕ್ಷನ್ ಶೇ. 85ರಷ್ಟು ಮುಟ್ಟಿಸುತ್ತದೆ. ಹಾಗಾಗಿ ಅದೇ ಅಡುಗೆಗೆ 85 ಯೂನಿಟ್ ಕರೆಂಟ್ ಬೇಕು.

ಸಿಲಿಂಡರ್ 900 ರೂಪಾಯಿ, ಯೂನಿಟ್ 6 ರೂಪಾಯಿ ಅಂತ ಇಟ್ಟುಕೊಂಡರೆ ವಿಜಯಪುರದಲ್ಲಿ ತಿಂಗಳಿಗೆ ಗ್ಯಾಸ್ 600, ಇಂಡಕ್ಷನ್ 510. ದೊಡ್ಡ ಅಂತರವಿಲ್ಲ. ಆದರೆ ಊರಲ್ಲಿ ಅಪ್ಪ ಅವ್ವನಿಗೆ ಇಂಡಕ್ಷನ್ ಕೊಡಿಸುವ ಮೊದಲು ಹೆಸ್ಕಾಂ ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿರುವ ಮನೆ ಈ 85 ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಲೆಕ್ಕವೇ ತಿರುಗುತ್ತದೆ. ಅಲ್ಲಿ ಪೈಪ್‌ನಲ್ಲಿ ಬರುವ ಗ್ಯಾಸ್ ಯೂನಿಟ್‌ಗೆ 6 ಪೆನ್ಸ್, ಕರೆಂಟ್ 25 ಪೆನ್ಸ್ ಎಂದು ಹಿಡಿದರೆ, ಅದೇ ಅಡುಗೆಗೆ ಗ್ಯಾಸ್ 7 ಪೌಂಡ್ ಚಿಲ್ಲರೆ, ಇಂಡಕ್ಷನ್ 21 ಪೌಂಡ್ ಮೇಲೆ. ಗ್ಯಾಸ್ ಸಂಪರ್ಕಕ್ಕೆ ದಿನದ ಬಾಡಿಗೆ ಬೇರೆ ಇರುತ್ತದೆ. ಮನೆ ಕಾಯಿಸಲು ಗ್ಯಾಸ್ ಇದ್ದೇ ಇದ್ದರೆ ಅದು ಹೆಚ್ಚುವರಿ ಅಲ್ಲ. ಬರೀ ಅಡುಗೆಗಾಗಿ ಗ್ಯಾಸ್ ಇಟ್ಟುಕೊಂಡರೆ ಆ ಬಾಡಿಗೆಯೇ ಉಳಿತಾಯದ ಬಹುಪಾಲನ್ನು ತಿನ್ನುತ್ತದೆ.

ಕಾಕು ಕೊನೆಗೆ ಕುಕ್ಕರ್, ಬೋಗುಣಿ, ಹಳೇ ಹಂಚು ಮೂರನ್ನೂ ಹೊರಗೆ ತೆಗೆದರು. ಸಮತಟ್ಟು ಹಂಚೊಂದು, ತಳಕ್ಕೆ ಆಯಸ್ಕಾಂತ ಅಂಟುವ ಮೂರು ಲೀಟರ್ ಸ್ಟೀಲ್ ಕುಕ್ಕರ್ ಒಂದು ಬ್ಯಾಗಿಗೆ ಹೋದವು. ಉಳಿದ ಜಾಗಕ್ಕೆ ಜೋಳದ ಹಿಟ್ಟು ಮತ್ತು ಶೇಂಗಾ ಚಟ್ನಿಪುಡಿ ತುಂಬಿದರು.